ಕಲಾ ಇತಿಹಾಸದ ಪ್ರಬಂಧದಲ್ಲಿ ಚಿತ್ರದ ಕೆಳಗೆ ಏನೇನು ಬರೆಯಬೇಕು?

ಕಲಾ ಇತಿಹಾಸ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಪ್ರಬಂಧದಲ್ಲಿ ಚಿತ್ರ ಹಾಕಿ ಆಗಿದೆ, ಅದರ ಅಡಿಬರಹದಲ್ಲಿ (ಕ್ಯಾಪ್ಷನ್) ಏನಿರಬೇಕು? ಕಲಾವಿದರ ಹೆಸರು ಸಾಕಾ? ಅಳತೆ ಯಾಕೆ? "ಮೂಲ: ಗೂಗಲ್" ಅಂತ ಹಾಕಿದರೆ ಆಗುತ್ತಾ?

ಕೊನೆಯದಕ್ಕೆ ಮೊದಲು ಉತ್ತರ: ಆಗಲ್ಲ. ಗೂಗಲ್ ಚಿತ್ರ ಎಲ್ಲಿದೆ ಅಂತ ತೋರಿಸುತ್ತದೆ ಅಷ್ಟೆ. ಚಿತ್ರ ಅದರದಲ್ಲ. ಪಿಂಟರೆಸ್ಟ್ ಕೂಡ ಹಾಗೆಯೇ.

ಉಳಿದದ್ದಕ್ಕೆ ಹೋಗುವ ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಅಡಿಬರಹ ಮಾತಾಡುವುದು ಎರಡು ವಸ್ತುಗಳ ಬಗ್ಗೆ. ಒಂದು ಕಲಾಕೃತಿ, ಇನ್ನೊಂದು ಆ ಕೃತಿಯ ಫೋಟೊ. ಬೇಲೂರಿನ ಮದನಿಕೆಯನ್ನು ಕೆತ್ತಿದವರು ಬೇರೆ, ಅದರ ಫೋಟೊ ತೆಗೆದವರು ಬೇರೆ. ಮದನಿಕೆಯ ಕಾಲ 12ನೇ ಶತಮಾನ, ಫೋಟೊದ ಕಾಲ ಕಳೆದ ವರ್ಷ. ಮದನಿಕೆಯ ಮಾಧ್ಯಮ ಕಲ್ಲು, ಫೋಟೊ ಒಂದು ಡಿಜಿಟಲ್ ಫೈಲು. ನಾನು ನೋಡಿದ ಅಡಿಬರಹದ ತಪ್ಪುಗಳಲ್ಲಿ ಹೆಚ್ಚಿನವು ಇವೆರಡನ್ನು ಕಲಸಿಬಿಟ್ಟಿದ್ದರಿಂದಲೇ ಆದವು. ಅಡಿಬರಹದ ಮೊದಲ ಭಾಗ ಕೃತಿಯದ್ದು, ಕೊನೆಯ ಭಾಗ ಫೋಟೊದ್ದು. ಈ ಗೆರೆ ದಾಟಬಾರದು.

ಶುರು ಮಾಡುವ ಮೊದಲು ನಿಮ್ಮ ವಿಭಾಗ ಅಥವಾ ಪತ್ರಿಕೆ ಯಾವ ಶೈಲಿ ಕೇಳುತ್ತದೆ ಅಂತ ವಿಚಾರಿಸಿ. ಕಲಾ ಇತಿಹಾಸದಲ್ಲಿ ಜಾಸ್ತಿ ಬಳಕೆಯಲ್ಲಿರುವುದು ಶಿಕಾಗೊ ಶೈಲಿ. ಈ ಲೇಖನ ಅದರ ದಾರಿಯಲ್ಲೇ ಹೋಗುತ್ತದೆ. ಎಂಎಲ್‌ಎ, ಎಪಿಎ ಶೈಲಿ ಕೇಳಿದರೆ ಕ್ರಮ ಸ್ವಲ್ಪ ಬದಲಾಗುತ್ತದೆ, ಆದರೆ ಕಲೆಹಾಕಬೇಕಾದ ಮಾಹಿತಿ ಹೆಚ್ಚುಕಡಿಮೆ ಇದೇ.

1. ಬರೆಯುವ ಮೊದಲೇ ಪ್ರತಿ ಚಿತ್ರಕ್ಕೂ ಒಂದು ಸಾಲು ಇಟ್ಟುಕೊಳ್ಳಿ

ಚಿತ್ರ ಡೌನ್‌ಲೋಡ್ ಮಾಡಿದ ದಿನವೇ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಅದರ ವಿವರ ತುಂಬಿ. ಕಲಾವಿದ, ಹೆಸರು, ಕಾಲ, ಮಾಧ್ಯಮ, ಅಳತೆ, ಎಲ್ಲಿದೆ, ಸಂಗ್ರಹ ಸಂಖ್ಯೆ, ಕೃತಜ್ಞತೆ ಸಾಲು, ಫೋಟೊ ಯಾರದ್ದು, ಯಾವ ಪುಟದಿಂದ ತೆಗೆದಿರಿ, ಯಾವ ದಿನ, ಯಾವ ಪರವಾನಗಿ.

ಇಲ್ಲಿ ಎರಡು ಮಾತು ಬಿಡಿಸಿ ಹೇಳಬೇಕು. ಸಂಗ್ರಹ ಸಂಖ್ಯೆ ಅಂದರೆ ಮ್ಯೂಸಿಯಂ ತನ್ನ ದಾಖಲೆಯಲ್ಲಿ ಆ ವಸ್ತುವಿಗೆ ಕೊಟ್ಟ ನಂಬರು. ಒಂದು ವಸ್ತುವಿಗೆ ಒಂದೇ ನಂಬರು. ಕೃತಜ್ಞತೆ ಸಾಲು ಅಂದರೆ ಆ ವಸ್ತು ಮ್ಯೂಸಿಯಂಗೆ ಹೇಗೆ ಬಂತು, ಯಾರು ಕೊಟ್ಟರು, ಯಾವ ನಿಧಿಯಿಂದ ಕೊಂಡರು ಅಂತ ಹೇಳುವ ಸಾಲು. ಮ್ಯೂಸಿಯಂ ಪುಟಗಳಲ್ಲಿ ಇದು `Credit Line` ಅಂತ ಇರುತ್ತದೆ. ಇದನ್ನೇ ಫೋಟೊ ತೆಗೆದವರ ಹೆಸರು ಅಂದುಕೊಳ್ಳುವವರು ಬಹಳ. ಅಲ್ಲ, ಅದು ಕೃತಿಯ ಸಂಗತಿ.

ಚಿತ್ರದ ಫೈಲಿಗೂ ಸಂಗ್ರಹ ಸಂಖ್ಯೆಯದ್ದೇ ಹೆಸರು ಕೊಡಿ. ಆರು ತಿಂಗಳ ನಂತರ `download (7).jpg` ಎಲ್ಲಿಂದ ಬಂತು ಅಂತ ಹುಡುಕುವುದು ಸುಮ್ನೆ ಸಮಯ ಹಾಳು.

2. ಕೃತಿಯ ಭಾಗ ಬರೆಯಿರಿ

ಒಂದು ಉದಾಹರಣೆ ಪೂರ್ತಿ ಮಾಡಿ ನೋಡೋಣ. ಎಲ್ಲರೂ ನೋಡಿರುವ ಚಿತ್ರವನ್ನೇ ತೆಗೆದುಕೊಳ್ಳೋಣ: ಜಪಾನಿನ ಹೊಕುಸಾಯಿಯ ದೊಡ್ಡ ಅಲೆ. ಟೀ ಶರ್ಟಿನ ಮೇಲೂ ಇದೆ, ಮೊಬೈಲ್ ಕವರಿನ ಮೇಲೂ ಇದೆ.

ಮೊದಲ ತೊಡಕು ಅಲ್ಲೇ ಇದೆ. ಇದು ಮರದಚ್ಚಿನ ಮುದ್ರಣ. ಅಂದರೆ ಮರದ ಹಲಗೆಗಳಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕಾಗದದ ಮೇಲೆ ಒತ್ತಿ ತೆಗೆದದ್ದು. ಅವೇ ಹಲಗೆಗಳಿಂದ ಬಂದ ಎಷ್ಟೋ ಪ್ರತಿಗಳು ಜಗತ್ತಿನ ಬೇರೆ ಬೇರೆ ಮ್ಯೂಸಿಯಂಗಳಲ್ಲಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಒಂದರಲ್ಲೇ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲೂ ಇದೆ. ಒಂದು ಪ್ರತಿಯಲ್ಲಿ ಆಕಾಶದ ಬಣ್ಣ ಮಾಸಿರುತ್ತದೆ, ಇನ್ನೊಂದರಲ್ಲಿ ಗೆರೆ ಚೂಪಾಗಿರುತ್ತದೆ, ಮತ್ತೊಂದರಲ್ಲಿ ಹಲಗೆ ಸವೆದು ಗೆರೆ ತುಂಡಾಗಿರುತ್ತದೆ. ನೀವು ಗೆರೆಯ ಬಗ್ಗೆ ಎರಡು ಪ್ಯಾರಾ ಬರೆದು, "ಹೊಕುಸಾಯಿ, ದೊಡ್ಡ ಅಲೆ, ಮೆಟ್ರೊಪಾಲಿಟನ್ ಮ್ಯೂಸಿಯಂ" ಅಂತ ಮಾತ್ರ ಹಾಕಿದರೆ ಓದುವವರು ಯಾವ ಪ್ರತಿ ನೋಡಬೇಕು? ಅದಕ್ಕೇ ಸಂಗ್ರಹ ಸಂಖ್ಯೆ ಬೇಕು. ನಾವು ಆರಿಸುವ ಪ್ರತಿಯದ್ದು JP1847.

ಈಗ ಒಂದೊಂದೇ ಅಂಶ.

ಕಲಾವಿದ: ಕತ್ಸುಶಿಕಾ ಹೊಕುಸಾಯಿ. ಜಪಾನಿನಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಹಾಗೇ ಬಿಡಿ. ತಿರುಗಿಸಬೇಡಿ.

ಹೆಸರು: "ದೊಡ್ಡ ಅಲೆ" ಅನ್ನುವುದು ಜನ ಇಟ್ಟುಕೊಂಡ ಹೆಸರು. ಮ್ಯೂಸಿಯಂ ದಾಖಲೆಯಲ್ಲಿ ಇರುವುದು ಕನಗಾವಾ ಕಡಲಿನ ಅಲೆಯ ಅಡಿಯಲ್ಲಿ ಅನ್ನುವ ಅರ್ಥದ ಹೆಸರು. ದಾಖಲೆಯ ಹೆಸರನ್ನೇ ಮೊದಲು ಕೊಡಿ, ರೂಢಿಯ ಹೆಸರನ್ನು ಬೇಕಾದರೆ ಆವರಣದಲ್ಲಿ ಹಾಕಿ. ಕೃತಿ ಯಾವುದಾದರೂ ಸರಣಿಗೆ ಸೇರಿದ್ದರೆ ಸರಣಿಯ ಹೆಸರೂ ಬೇಕು. ಇದು ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು ಅನ್ನುವ ಸರಣಿಯದ್ದು.

ಇಂಗ್ಲಿಷ್ ಪ್ರಬಂಧದಲ್ಲಿ ಕೃತಿಯ ಹೆಸರು ಓರೆ ಅಕ್ಷರದಲ್ಲಿರುತ್ತದೆ. ಕನ್ನಡದ ಹೆಚ್ಚಿನ ಫಾಂಟ್‌ಗಳಲ್ಲಿ ನಿಜವಾದ ಓರೆ ಅಕ್ಷರ ಇಲ್ಲ. ವರ್ಡ್ ಇದ್ದ ಅಕ್ಷರವನ್ನೇ ವಾಲಿಸುತ್ತದೆ, ಒತ್ತಕ್ಷರಗಳು ಪಕ್ಕದ ಅಕ್ಷರಕ್ಕೆ ತಾಗಿ ಓದುವುದೇ ಕಷ್ಟವಾಗುತ್ತದೆ. ಕನ್ನಡದಲ್ಲಿ ಬರೆಯುವಾಗ ಒಂಟಿ ಉದ್ಧರಣ ಚಿಹ್ನೆ ಹಾಕಿ, ಇಡೀ ಪ್ರಬಂಧದಲ್ಲಿ ಅದನ್ನೇ ಪಾಲಿಸಿ. ಕಟ್ಟಡ, ದೇವಸ್ಥಾನಗಳ ಹೆಸರಿಗೆ ಯಾವ ಚಿಹ್ನೆಯೂ ಬೇಡ.

ಕಾಲ: ಮ್ಯೂಸಿಯಂ "ಸು. 1830–32" ಅನ್ನುತ್ತದೆ. ಆ "ಸು." (ಸುಮಾರು) ಬಿಟ್ಟರೆ ವಿದ್ವಾಂಸರ ಅಂದಾಜನ್ನು ನೀವು ಖಚಿತ ಮಾಡಿಬಿಟ್ಟಂತೆ. ನಿಮ್ಮ ವಾದ ಕಾಲಕ್ರಮದ ಮೇಲೆ ನಿಂತಿದ್ದರೆ ಇದು ಸಣ್ಣ ತಪ್ಪಲ್ಲ. ಎರಡು ಮ್ಯೂಸಿಯಂಗಳು ಬೇರೆ ಬೇರೆ ವರ್ಷ ಕೊಟ್ಟಿದ್ದರೆ, ನೀವು ತೋರಿಸುತ್ತಿರುವ ಪ್ರತಿ ಯಾರ ಹತ್ತಿರ ಇದೆಯೋ ಅವರದ್ದನ್ನು ಅಡಿಬರಹದಲ್ಲಿ ಹಾಕಿ. ಭಿನ್ನಾಭಿಪ್ರಾಯವನ್ನು ಅಡಿಟಿಪ್ಪಣಿಯಲ್ಲಿ ಚರ್ಚಿಸಿ.

ಮಾಧ್ಯಮ: ಮರದಚ್ಚಿನ ಮುದ್ರಣ, ಕಾಗದದ ಮೇಲೆ ಶಾಯಿ ಮತ್ತು ಬಣ್ಣ. ಯಾವುದರಿಂದ, ಯಾವುದರ ಮೇಲೆ ಮಾಡಿದ್ದು, ಎರಡೂ ಇರಬೇಕು. ಬರೀ "ಚಿತ್ರಕಲೆ" ಅಂದರೆ ಏನೂ ಹೇಳಿದಂತಾಗಲಿಲ್ಲ.

ಅಳತೆ, ಆಮೇಲೆ ಎಲ್ಲಿದೆ ಅನ್ನುವುದು, ಆಮೇಲೆ ಕೃತಜ್ಞತೆ ಸಾಲು. ಅಳತೆಗೆ ಬೇರೆ ಹಂತವೇ ಬೇಕು, ಅದು ಕೆಳಗಿದೆ. ಎಲ್ಲ ಸೇರಿದರೆ ಅಡಿಬರಹ ಹೀಗೆ ಕಾಣುತ್ತದೆ:

> ಚಿತ್ರ 1. ಕತ್ಸುಶಿಕಾ ಹೊಕುಸಾಯಿ, 'ಕನಗಾವಾ ಕಡಲಿನ ಅಲೆಯ ಅಡಿಯಲ್ಲಿ' (ದೊಡ್ಡ ಅಲೆ), 'ಫ್ಯೂಜಿ ಪರ್ವತದ ಮೂವತ್ತಾರು ನೋಟಗಳು' ಸರಣಿಯಿಂದ, ಸು. 1830–32. ಮರದಚ್ಚಿನ ಮುದ್ರಣ, ಕಾಗದದ ಮೇಲೆ ಶಾಯಿ ಮತ್ತು ಬಣ್ಣ, 25.7 × 37.9 ಸೆಂ.ಮೀ. ಮೆಟ್ರೊಪಾಲಿಟನ್ ಮ್ಯೂಸಿಯಂ ಆಫ್ ಆರ್ಟ್, ನ್ಯೂಯಾರ್ಕ್, JP1847. ಎಚ್. ಒ. ಹ್ಯಾವ್‌ಮೇಯರ್ ಸಂಗ್ರಹ, ಶ್ರೀಮತಿ ಎಚ್. ಒ. ಹ್ಯಾವ್‌ಮೇಯರ್ ಅವರ ಉಯಿಲಿನ ಕೊಡುಗೆ, 1929. ಫೋಟೊ: ಮೆಟ್ರೊಪಾಲಿಟನ್ ಮ್ಯೂಸಿಯಂ ಆಫ್ ಆರ್ಟ್ (CC0).

"ಫೋಟೊ:" ಅನ್ನುವ ಪದದ ತನಕ ಇರುವುದೆಲ್ಲ ಕಾಗದದ ಮೇಲಿನ ಆ ಮುದ್ರಣದ ಮಾತು. ಅಲ್ಲಿಂದ ಮುಂದೆ ನಿಮ್ಮ ಕಂಪ್ಯೂಟರಿನಲ್ಲಿರುವ ಫೈಲಿನ ಮಾತು.

ಕೃತಜ್ಞತೆ ಸಾಲು ಇದರಲ್ಲಿ ಚಿಕ್ಕದಿದೆ. ಎಲ್ಲ ಸಲವೂ ಹಾಗಿರಲ್ಲ. ಇದೇ ಮ್ಯೂಸಿಯಂನಲ್ಲಿ ನಮ್ಮ ಬಿಜಾಪುರದ ಆದಿಲ್‌ಶಾಹಿ ಸುಲ್ತಾನರನ್ನೆಲ್ಲ ಒಟ್ಟಿಗೆ ಕೂರಿಸಿದ ಒಂದು ಚಿತ್ರವಿದೆ. ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಸು. 1680ರಲ್ಲಿ ಬರೆದದ್ದು, ಸಂಖ್ಯೆ 1982.213. ಅದರ ಕೃತಜ್ಞತೆ ಸಾಲಿನಲ್ಲಿ ದಾನಿಗಳ ಹೆಸರುಗಳದ್ದೇ ಒಂದು ಪ್ಯಾರಾ ಇದೆ. ಅದನ್ನು ನಿಮಗೆ ಇಷ್ಟ ಬಂದ ಕಡೆ ಕತ್ತರಿಸಬೇಡಿ. ಚಿತ್ರದ ಕೆಳಗೆ ಮ್ಯೂಸಿಯಂ ಹೆಸರು ಮತ್ತು ಸಂಖ್ಯೆ ಇಟ್ಟು, ಪೂರ್ತಿ ಸಾಲನ್ನು ಪ್ರಬಂಧದ ಕೊನೆಯ ಚಿತ್ರಪಟ್ಟಿಯಲ್ಲಿ ಕೊಡಿ. ಹಾಗೆ ಮಾಡುವುದಾದರೆ ಎಲ್ಲ ಚಿತ್ರಗಳಿಗೂ ಹಾಗೇ ಮಾಡಿ.

3. ಅಳತೆ: ಎತ್ತರ ಮೊದಲು

ಕಲಾ ಇತಿಹಾಸದಲ್ಲಿ ಎತ್ತರ ಮೊದಲು, ಆಮೇಲೆ ಅಗಲ, ಶಿಲ್ಪವಾದರೆ ಆಮೇಲೆ ಆಳ. ಫೋಟೊ ಸ್ಟುಡಿಯೊದಲ್ಲಿ, ಕಂಪ್ಯೂಟರಿನಲ್ಲಿ ಅಗಲ ಮೊದಲು ಹೇಳಿ ರೂಢಿಯಾದವರು ಇಲ್ಲಿ ಅದಲು ಬದಲು ಮಾಡುತ್ತಾರೆ. ಪತ್ತೆ ಮಾಡುವುದು ಸುಲಭ. ಹೊಕುಸಾಯಿಯ ಚಿತ್ರ ಅಡ್ಡಕ್ಕೆ ಉದ್ದವಾಗಿದೆ, ಹಾಗಾದರೆ ಮೊದಲ ಅಂಕಿ ಚಿಕ್ಕದಿರಬೇಕು. 25.7 × 37.9 ಸರಿ. ನಿಮ್ಮ ಅಡಿಬರಹದಲ್ಲಿ 37.9 × 25.7 ಅಂತ ಇದ್ದರೆ ನೀವು ನಿಂತ ಚಿತ್ರವೊಂದನ್ನು ವರ್ಣಿಸುತ್ತಿದ್ದೀರಿ.

ಅಮೆರಿಕದ ಮ್ಯೂಸಿಯಂಗಳು ಇಂಚನ್ನೂ ಕೊಡುತ್ತವೆ, ಅದೂ ಭಿನ್ನರಾಶಿಯಲ್ಲಿ. ಈ ಚಿತ್ರದ ಎತ್ತರ ಹತ್ತು ಇಂಚು ಮತ್ತು ಒಂದು ಇಂಚಿನ ಎಂಟನೇ ಒಂದು ಭಾಗ. ಕಾಪಿ ಮಾಡಿ ವರ್ಡ್‌ಗೆ ಅಂಟಿಸುವಾಗ ನಡುವಿನ ಜಾಗ ಹೋದರೆ `10 1/8` ಅನ್ನುವುದು `101/8` ಆಗುತ್ತದೆ. ಇಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ. ಸೆಂಟಿಮೀಟರ್ ಮಾತ್ರ ಬಳಸಿದರೆ ಈ ತಲೆನೋವೇ ಇಲ್ಲ. ಅನುಮಾನ ಬಂದರೆ ಇಂಚನ್ನು 2.54ರಿಂದ ಗುಣಿಸಿ ನೋಡಿ. 10.125 × 2.54 ಅಂದರೆ 25.7ಕ್ಕಿಂತ ಕೂದಲೆಳೆ ಜಾಸ್ತಿ. ಸರಿ ಇದೆ.

ನಡುವೆ ಹಾಕುವುದು ಗುಣಾಕಾರ ಚಿಹ್ನೆ, ಇಂಗ್ಲಿಷಿನ `x` ಅಕ್ಷರ ಅಲ್ಲ. ವಿಂಡೋಸ್‌ನ ವರ್ಡ್‌ನಲ್ಲಿ `00D7` ಟೈಪ್ ಮಾಡಿ `Alt+X` ಒತ್ತಿದರೆ × ಬರುತ್ತದೆ.

ಇನ್ನು ಯಾವುದರ ಅಳತೆ ಅನ್ನುವ ಪ್ರಶ್ನೆ. ಹಸ್ತಪ್ರತಿಯ ಒಂದು ಹಾಳೆಯಲ್ಲಿ ಚಿತ್ರ ಒಂದು ಅಳತೆ, ಅಂಚು ಸೇರಿದ ಹಾಳೆ ಇನ್ನೊಂದು ಅಳತೆ. ಮ್ಯೂಸಿಯಂ ಎರಡನ್ನೂ ಕೊಟ್ಟಿದ್ದರೆ ಯಾವುದು ಅಂತ ಹೇಳಿಯೇ ಬರೆಯಿರಿ: "ಚಿತ್ರ: ಇಷ್ಟು, ಹಾಳೆ: ಇಷ್ಟು". ಕಂಚಿನ ವಿಗ್ರಹಕ್ಕೆ ಎತ್ತರ ಒಂದೇ ಕೊಟ್ಟಿದ್ದರೆ "ಎ. ಇಷ್ಟು ಸೆಂ.ಮೀ." ಅಂತ ಹಾಕಿ. ಪೀಠ ಸೇರಿದೆಯೋ ಇಲ್ಲವೋ ಮ್ಯೂಸಿಯಂ ಹೇಳಿದ್ದರೆ ಅದನ್ನೂ ಸೇರಿಸಿ. ಚೌಕಟ್ಟಿನ ಅಳತೆಯನ್ನು ಕ್ಯಾನ್ವಾಸಿನ ಅಳತೆ ಅಂತ ಹಾಕುವ ತಪ್ಪು ತೈಲಚಿತ್ರಗಳಲ್ಲಿ ಜಾಸ್ತಿ.

ಮುದ್ರಣಗಳಲ್ಲಿ ಮತ್ತೊಂದು ಸೂಕ್ಷ್ಮ ಇದೆ. ಹಳೆಯ ಪ್ರತಿಗಳ ಅಂಚನ್ನು ಯಾರೋ ಯಾವಾಗಲೋ ಕತ್ತರಿಸಿರುತ್ತಾರೆ. ಅದಕ್ಕೆ ಒಂದೇ ಚಿತ್ರದ ಎರಡು ಪ್ರತಿಗಳ ಅಳತೆ ಒಂದೇ ಇರಲ್ಲ. ಒಂದು ಮ್ಯೂಸಿಯಂನ ಫೋಟೊ ಹಾಕಿ ಇನ್ನೊಂದರ ಅಳತೆ ಕೊಟ್ಟರೆ, ತಿಳಿದವರಿಗೆ ನೀವು ವಿಕಿಪೀಡಿಯದಿಂದ ತುಂಬಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ.

4. ಕೃತಿ ಮ್ಯೂಸಿಯಂನಲ್ಲಿ ಇಲ್ಲದಿದ್ದರೆ

ಕರ್ನಾಟಕದಲ್ಲಿ ಕೂತು ಬರೆಯುವವರಿಗೆ ಇದೇ ದೊಡ್ಡ ಪ್ರಶ್ನೆ. ಗುಡಿಯ ಗೋಡೆಯ ಮೇಲಿನ ಶಿಲ್ಪಕ್ಕೆ ಸಂಗ್ರಹ ಸಂಖ್ಯೆ ಎಲ್ಲಿಂದ ತರುವುದು?

ಸಂಖ್ಯೆ ಮಾಡುವ ಕೆಲಸವನ್ನು ಅಲ್ಲಿ ಜಾಗದ ವಿವರ ಮಾಡಬೇಕು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಮದನಿಕೆಯರು ಒಬ್ಬಿಬ್ಬರಲ್ಲ. "ಮದನಿಕೆ, ಬೇಲೂರು" ಅಂದರೆ ಓದುವವರು ಗುಡಿ ಸುತ್ತು ಹಾಕಬೇಕಾಗುತ್ತದೆ. ಒಳಗೋ ಹೊರಗೋ, ಯಾವ ದಿಕ್ಕು, ಯಾವ ಬಾಗಿಲಿನಿಂದ ಎಷ್ಟನೆಯದು, ಇಷ್ಟು ಹೇಳಿ. ಎಡ ಬಲ ಅನ್ನುವಾಗ ಯಾರ ಎಡ ಅಂತ ಹೇಳಿ. ಮೂರ್ತಿಶಿಲ್ಪದ ಬರಹಗಳಲ್ಲಿ ವಿಗ್ರಹದ ಬಲಗೈ ಅಂದರೆ ವಿಗ್ರಹದ್ದೇ ಬಲ, ನಮ್ಮ ಎಡಕ್ಕೆ ಕಾಣುವುದು. ಗೋಡೆಯ ಮೇಲಿನ ಜಾಗ ಹೇಳುವಾಗ "ನೋಡುಗರ ಬಲಕ್ಕೆ" ಅಂದರೆ ಗೊಂದಲ ಇಲ್ಲ.

> ಚಿತ್ರ 2. ಮದನಿಕೆ, ಹೊರಗೋಡೆ, ಪೂರ್ವ ಬಾಗಿಲಿನಿಂದ ನೋಡುಗರ ಬಲಕ್ಕೆ ಎರಡನೆಯದು, ಚೆನ್ನಕೇಶವ ದೇವಾಲಯ, ಬೇಲೂರು, ಹಾಸನ ಜಿಲ್ಲೆ. ಹೊಯ್ಸಳ, 12ನೇ ಶತಮಾನ (ದೇವಾಲಯದ ಪ್ರತಿಷ್ಠೆ 1117). ಬಳಪದ ಕಲ್ಲು. ಫೋಟೊ: ಲೇಖಕರು, 2024.

ಇದರಲ್ಲಿ ಮೂರು ವಿಷಯ ಗಮನಿಸಿ. 1117 ದೇವಾಲಯದ ಪ್ರತಿಷ್ಠೆಯ ವರ್ಷ. ಆ ನಿರ್ದಿಷ್ಟ ಶಿಲ್ಪ ಅದೇ ವರ್ಷ ಕೆತ್ತಿದ್ದು ಅಂತ ಯಾರೂ ಹೇಳಿಲ್ಲ. ಅದಕ್ಕೇ ಶಿಲ್ಪಕ್ಕೆ ಶತಮಾನ, ಗುಡಿಗೆ ವರ್ಷ. ಎರಡನೆಯದು ಶಿಲ್ಪಿಯ ಹೆಸರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ಆದರೆ ಒಂದು ಶಿಲ್ಪದ ಕೆಳಗಿನ ಹೆಸರು ಪಕ್ಕದ ಶಿಲ್ಪಕ್ಕೆ ಬರಲ್ಲ. ನಿಮ್ಮ ಚಿತ್ರದಲ್ಲಿರುವ ಶಿಲ್ಪದ ಮೇಲೆಯೇ ಬರಹ ಇದ್ದರೆ ಮಾತ್ರ ಹೆಸರು ಹಾಕಿ, "ಪೀಠದ ಮೇಲೆ ಹೆಸರಿದೆ" ಅಂತಲೂ ಸೇರಿಸಿ. ಮೂರನೆಯದು ಅಳತೆ. ಚಾವಣಿಯ ಅಂಚಿನ ಕೆಳಗೆ, ತಲೆಗಿಂತ ಎಷ್ಟೋ ಮೇಲಿರುವ ಶಿಲ್ಪವನ್ನು ನೀವು ಅಳೆಯಲು ಆಗಲ್ಲ. ಕಣ್ಣಳತೆಯಲ್ಲಿ ಅಂಕಿ ಹಾಕುವುದಕ್ಕಿಂತ ಬಿಡುವುದೇ ಸರಿ. ಇದ್ದ ಜಾಗದಲ್ಲೇ ಇರುವ ಶಿಲ್ಪ, ವಾಸ್ತುಗಳ ಅಡಿಬರಹದಲ್ಲಿ ಅಳತೆ ಇಲ್ಲದಿರುವುದು ಒಪ್ಪಿತ ಪದ್ಧತಿ.

5. ಮಾಹಿತಿಯನ್ನು ಕೃತಿ ಇರುವ ಕಡೆಯಿಂದಲೇ ತನ್ನಿ

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತಾರೆ. ಬೆರಳಿನ ಸಂದಿಯಿಂದ ಬೆಳಕು ಕೆಂಪಗೆ ತೂರಿ ಬರುವ ಚಿತ್ರ. ಅಂತರ್ಜಾಲದಲ್ಲಿ ಹುಡುಕಿದರೆ ಅದನ್ನು ರಾಜಾ ರವಿವರ್ಮನ ತೈಲಚಿತ್ರ ಅನ್ನುವ ಪುಟಗಳು ಬೇಕಾದಷ್ಟು ಸಿಗುತ್ತವೆ. ಅದು ರವಿವರ್ಮನದ್ದಲ್ಲ, ಎಸ್. ಎಲ್. ಹಲ್ದಣ್‌ಕರ್ ಅವರದ್ದು. ತೈಲವರ್ಣವೂ ಅಲ್ಲ, ಜಲವರ್ಣ.

ಹೆಸರು ಒಂದು ತಪ್ಪಿದರೆ ಏನೇನು ಹಾಳಾಗುತ್ತದೆ ನೋಡಿ. ಕಲಾವಿದ ತಪ್ಪು, ಮಾಧ್ಯಮ ತಪ್ಪು, ಕಾಲವೂ ತಪ್ಪು. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಹಲ್ದಣ್‌ಕರ್ ತೀರಿಕೊಂಡದ್ದು 1968ರಲ್ಲಿ. ಹಕ್ಕುಸ್ವಾಮ್ಯದ ಲೆಕ್ಕವೂ ಇದರ ಜೊತೆಗೇ ತಪ್ಪುತ್ತದೆ. ಅದು ಹೇಗೆ ಅಂತ ಮುಂದಿನ ಹಂತದಲ್ಲಿದೆ.

ರವಿವರ್ಮನದ್ದೇ ಆದ ಚಿತ್ರಗಳಲ್ಲಿ ಇನ್ನೊಂದು ಗುಂಡಿ ಇದೆ. 1894ರಲ್ಲಿ ಮುಂಬೈಯಲ್ಲಿ ಶುರುವಾದ ರವಿವರ್ಮ ಪ್ರೆಸ್ಸಿನಿಂದ ಬಂದ ದೇವರ ಪಟಗಳು ನಮ್ಮ ಎಷ್ಟೋ ಮನೆಗಳ ಗೋಡೆಯ ಮೇಲಿದ್ದವು. ಅವು ಕಲ್ಲಚ್ಚಿನ ಬಣ್ಣದ ಮುದ್ರಣಗಳು, ಕ್ರೋಮೊಲಿತೊಗ್ರಾಫ್. ನೀವು ಹಾಕಿರುವ ಚಿತ್ರ ಆ ಪಟದ್ದಾದರೆ ಮಾಧ್ಯಮದಲ್ಲಿ "ಕ್ಯಾನ್ವಾಸ್ ಮೇಲೆ ತೈಲವರ್ಣ" ಅಂತ ಬರೆಯಬೇಡಿ. ಮುದ್ರಣ ಅಂತ ಹೇಳಿ, "ರವಿವರ್ಮನ ಚಿತ್ರ ಆಧರಿಸಿದ್ದು" ಅನ್ನಿ, ಪ್ರೆಸ್ಸಿನ ಹೆಸರು ಕೊಡಿ. ಪಟದ ಕೆಳಗಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರು ಇರುವುದುಂಟು. ಸ್ಕ್ಯಾನ್ ಮಾಡುವಾಗ ಆ ಅಂಚನ್ನು ಕತ್ತರಿಸಬೇಡಿ, ನಿಮಗಿರುವ ಪುರಾವೆಯೇ ಅದು.

ಕ್ರಮ ಹೀಗಿರಲಿ: ಮೊದಲು ಕೃತಿ ಇರುವ ಸಂಸ್ಥೆಯ ಪುಟ ಅಥವಾ ಕ್ಯಾಟಲಾಗ್, ಆಮೇಲೆ ಆ ಕಲಾವಿದನ ಬಗ್ಗೆ ಸಂಶೋಧನೆ ಮಾಡಿದವರ ಪುಸ್ತಕ. ವಿಕಿಪೀಡಿಯ ದಾರಿ ತೋರಿಸಲು ಸಾಕು, ಅಂಕಿ ಎತ್ತಿಕೊಳ್ಳಲು ಬೇಡ.

6. ಫೋಟೊದ ಭಾಗ: ಯಾರದ್ದು, ಬಳಸಬಹುದಾ?

ನಾಲ್ಕು ಬಗೆ ಬರುತ್ತವೆ.

ನೀವೇ ತೆಗೆದದ್ದು: "ಫೋಟೊ: ಲೇಖಕರು, ವರ್ಷ". ವರ್ಷ ಮುಖ್ಯ. ಗುಡಿಗಳಲ್ಲಿ ದುರಸ್ತಿ ನಡೆಯುತ್ತಿರುತ್ತದೆ, ಇವತ್ತು ಇರುವುದು ನಾಳೆ ಹಾಗೇ ಇರುತ್ತದೆ ಅಂತಿಲ್ಲ.

ಮ್ಯೂಸಿಯಂ ಕೊಟ್ಟದ್ದು: ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ತನ್ನಲ್ಲಿರುವ ಹಕ್ಕು ಮುಗಿದ ಕೃತಿಗಳ ಫೋಟೊಗಳನ್ನು CC0 ಅಡಿ ಬಿಟ್ಟಿದೆ. ಅಂದರೆ ಯಾರು ಬೇಕಾದರೂ ಅನುಮತಿ ಇಲ್ಲದೆ ಬಳಸಬಹುದು. ಬ್ರಿಟಿಷ್ ಮ್ಯೂಸಿಯಂನ ಪರವಾನಗಿ CC BY-NC-SA 4.0: ಹೆಸರು ಹೇಳಬೇಕು, ವ್ಯಾಪಾರಕ್ಕೆ ಬಳಸಬಾರದು, ಅದನ್ನು ಬದಲಿಸಿ ಹಂಚಿದರೆ ಅದೇ ಷರತ್ತಿನಲ್ಲಿ ಹಂಚಬೇಕು. ಮಾರಾಟದ ಪುಸ್ತಕ ಮಾಡುವ ಯೋಚನೆ ಇದ್ದರೆ ಈ ವ್ಯತ್ಯಾಸ ಈಗಲೇ ನೋಡಿಕೊಳ್ಳಿ.

ವಿಕಿಮೀಡಿಯ ಕಾಮನ್ಸ್‌ನದ್ದು: "ಫೋಟೊ: ವಿಕಿಮೀಡಿಯ" ಅಂದರೆ ಸಾಲದು. ಫೈಲಿನ ಪುಟಕ್ಕೆ ಹೋಗಿ `Author` ಮತ್ತು `Licensing` ನೋಡಿ. ಫೋಟೊ ತೆಗೆದವರ ಹೆಸರು, ಪರವಾನಗಿಯ ಹೆಸರು ಎರಡೂ ಬೇಕು, ಕೊಂಡಿಯನ್ನು ಚಿತ್ರಪಟ್ಟಿಯಲ್ಲಿ ಕೊಡಿ.

ಪುಸ್ತಕದಿಂದ ಸ್ಕ್ಯಾನ್ ಮಾಡಿದ್ದು: ಲೇಖಕ, ಪುಸ್ತಕ, ವರ್ಷ, ಪುಟ ಅಥವಾ ಫಲಕದ ಸಂಖ್ಯೆ. ಜೊತೆಗೆ ಆ ಪುಸ್ತಕದ ಮೊದಲ ಅಥವಾ ಕೊನೆಯ ಪುಟಗಳಲ್ಲಿ ಫೋಟೊ ಕೃಪೆಯ ಪಟ್ಟಿ ಹುಡುಕಿ. ಪುಸ್ತಕ ಬರೆದವರೇ ಫೋಟೊ ತೆಗೆದಿರುತ್ತಾರೆ ಅಂತೇನಿಲ್ಲ, ಅಲ್ವಾ?

ಈಗ ಕೃತಿಯ ಹಕ್ಕು. ಭಾರತದ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಚಿತ್ರ, ಶಿಲ್ಪಗಳ ಹಕ್ಕು ಕಲಾವಿದರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಇರುತ್ತದೆ. ರವಿವರ್ಮನದ್ದು ಯಾವಾಗಲೋ ಮುಗಿದಿದೆ. ಹಲ್ದಣ್‌ಕರ್ ಅವರದ್ದು 2028ರ ಕೊನೆಯ ತನಕ ಇರುತ್ತದೆ. ಕೆ. ಕೆ. ಹೆಬ್ಬಾರ್ ತೀರಿಕೊಂಡದ್ದು 1996ರಲ್ಲಿ, ಹಾಗಾಗಿ ಅವರದ್ದು 2056ರ ತನಕ. ಹೆಬ್ಬಾರರ ಚಿತ್ರವನ್ನು ನೀವೇ ಗ್ಯಾಲರಿಯಲ್ಲಿ ಫೋಟೊ ತೆಗೆದರೂ ಚಿತ್ರದ ಹಕ್ಕು ನಿಮಗೆ ಬರಲ್ಲ. ಎರಡು ವಸ್ತು ಅಂತ ಮೊದಲೇ ಹೇಳಿದ್ದು ಇಲ್ಲಿ ನೇರ ಕೆಲಸಕ್ಕೆ ಬರುತ್ತದೆ: ಎರಡಕ್ಕೂ ಬೇರೆ ಬೇರೆ ಹಕ್ಕು.

ಹಾಗಂತ ತರಗತಿಯ ಪ್ರಬಂಧಕ್ಕೆ ಪತ್ರ ಬರೆದು ಅನುಮತಿ ಕೇಳಬೇಕಿಲ್ಲ. ಸಂಶೋಧನೆಗೆ, ವಿಮರ್ಶೆಗೆ ನ್ಯಾಯವಾದ ಬಳಕೆಗೆ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ. ಆದರೆ ಪಿಎಚ್.ಡಿ. ಮಾಡುವವರು ಒಂದು ಮಾತು ನೆನಪಿಡಿ. ನಿಮ್ಮ ಪ್ರಬಂಧ ಶೋಧಗಂಗಾಕ್ಕೆ ಹೋಗುತ್ತದೆ, ಅಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದು ಮಾರ್ಗದರ್ಶಕರ ಕಪಾಟಿನಲ್ಲಿ ಉಳಿಯುವ ಪ್ರತಿ ಅಲ್ಲ. ಇನ್ನೂ ಹಕ್ಕು ಇರುವ ಕಲಾವಿದರ ಚಿತ್ರಗಳನ್ನು ಇಡಿಯಾಗಿ, ದೊಡ್ಡದಾಗಿ ಹಾಕುತ್ತಿದ್ದರೆ ಹಕ್ಕುದಾರರ ಒಪ್ಪಿಗೆ ಮೊದಲೇ ಪಡೆಯಿರಿ. ಒಪ್ಪಿಗೆ ಕೊಟ್ಟವರು ಇಂಥ ಮಾತಿನಲ್ಲೇ ಹಾಕಿ ಅಂದರೆ, ಅಡಿಬರಹದ ಕೊನೆಗೆ ಅಕ್ಷರ ಬದಲಿಸದೆ ಅದನ್ನೇ ಹಾಕಿ.

7. ಸಂಖ್ಯೆ ಕೊಡುವುದು, ಪಠ್ಯದಲ್ಲಿ ಕರೆಯುವುದು

ಚಿತ್ರದ ಸಂಖ್ಯೆ ನಿಮ್ಮ ಪಠ್ಯದಲ್ಲಿ ಅದು ಮೊದಲು ಬರುವ ಕ್ರಮದಲ್ಲಿರಬೇಕು. ಕೃತಿಗಳ ಕಾಲಕ್ರಮದಲ್ಲಲ್ಲ. ಒಂದೇ ಚಿತ್ರವನ್ನು ಮುಂದೆ ಮತ್ತೆ ಹೇಳಿದರೆ ಹಳೆಯ ಸಂಖ್ಯೆಯೇ. ಕರೆಯನ್ನು ಆವರಣದಲ್ಲಿ, ಪೂರ್ಣವಿರಾಮಕ್ಕಿಂತ ಮೊದಲು ಹಾಕಿ: "ದೋಣಿಗಳು ಅಲೆಯ ತಗ್ಗಿನಲ್ಲಿ ಬಹುಪಾಲು ಮರೆಯಾಗಿವೆ (ಚಿತ್ರ 1)." ಪಠ್ಯದಲ್ಲಿ ಎಲ್ಲೂ ಕರೆಯದ ಚಿತ್ರ ಇದ್ದರೆ ಅದು ಅಲಂಕಾರ. ತೆಗೆಯಿರಿ.

ಕೃತಿಯ ಒಂದು ಭಾಗವನ್ನು ಹಿಗ್ಗಿಸಿ ತೋರಿಸಿದರೆ ಅದಕ್ಕೆ ಬೇರೆ ಸಂಖ್ಯೆ, "ಚಿತ್ರ 1ರ ಭಾಗ" ಅಂತ ಅಡಿಬರಹ. ಅಳತೆ, ಮಾಧ್ಯಮ ಮತ್ತೆ ಬೇಡ. ಕತ್ತರಿಸಿದ್ದನ್ನು ಹೇಳದೆ ಇಡೀ ಕೃತಿಯ ಅಳತೆ ಕೊಟ್ಟರೆ ಓದುವವರನ್ನು ದಾರಿ ತಪ್ಪಿಸಿದಂತೆ.

ಸಂಖ್ಯೆಯನ್ನು ಕೈಯಲ್ಲಿ ಟೈಪ್ ಮಾಡಬೇಡಿ. ನಡುವೆ ಒಂದು ಚಿತ್ರ ಸೇರಿಸಿದರೆ ಮುಂದಿನದೆಲ್ಲ ತಿದ್ದಬೇಕಾಗುತ್ತದೆ. ವರ್ಡ್‌ನಲ್ಲಿ `References` ಪಟ್ಟಿಯಲ್ಲಿ `Insert Caption` ಒತ್ತಿ, `New Label` ಆರಿಸಿ "ಚಿತ್ರ" ಅಂತ ಕೊಡಿ. ಪಠ್ಯದಲ್ಲಿ ಕರೆಯುವಲ್ಲಿ `Cross-reference` ಹೋಗಿ `Only label and number` ಆರಿಸಿ. "ಚಿತ್ರ 4ರಲ್ಲಿ" ಅಂತ ಬೇಕಾದರೆ ಅದರ ಬೆನ್ನಿಗೆ "ರಲ್ಲಿ" ಟೈಪ್ ಮಾಡಿ. ನಾಳೆ 4 ಹೋಗಿ 7 ಆದರೂ ವಿಭಕ್ತಿ ಕೆಡಲ್ಲ, ಆ ಮಟ್ಟಿಗೆ ಕನ್ನಡ ನಮ್ಮ ಕಡೆ ಇದೆ.

ಚಿತ್ರಪಟ್ಟಿಯನ್ನು `Insert Table of Figures` ತಾನೇ ಮಾಡಿಕೊಡುತ್ತದೆ. ಆದರೆ ಅದು ಅಡಿಬರಹದ ಇಡೀ ಪ್ಯಾರಾವನ್ನು ಎತ್ತಿಕೊಳ್ಳುತ್ತದೆ. ಪ್ರಬಂಧದ ಮುಂದೆ ಬರೀ ಹೆಸರುಗಳ ಚಿಕ್ಕ ಪಟ್ಟಿ ಬೇಕಾದರೆ, ಕಲಾವಿದ, ಹೆಸರು, ಕಾಲದ ನಂತರ ಎಂಟರ್ ಒತ್ತಿ ಉಳಿದದ್ದನ್ನು ಬೇರೆ ಪ್ಯಾರಾ ಮಾಡಿ. ಆ ಪ್ಯಾರಾದ ಸ್ಟೈಲನ್ನು `Caption`ನಿಂದ `Normal`ಗೆ ಬದಲಿಸಿ. ನೋಡಲು ಒಂದೇ ಅಡಿಬರಹ, ಪಟ್ಟಿಗೆ ಮಾತ್ರ ಮೊದಲ ಸಾಲು ಹೋಗುತ್ತದೆ. ಪೂರ್ತಿ ಕೃತಜ್ಞತೆ ಸಾಲುಗಳು, ಕೊಂಡಿಗಳು ಇರುವ ಕೊನೆಯ ಪಟ್ಟಿಯನ್ನು ಮೊದಲ ಹಂತದ ಸ್ಪ್ರೆಡ್‌ಶೀಟ್‌ನಿಂದ ನೀವೇ ಮಾಡಿ. ಶಿಕಾಗೊ ಶೈಲಿಯಲ್ಲಿ ಅಡಿಬರಹದಲ್ಲಿ ಪೂರ್ತಿ ವಿವರ ಇರುವ ಚಿತ್ರಗಳನ್ನು ಸಾಮಾನ್ಯವಾಗಿ ಗ್ರಂಥಸೂಚಿಗೆ ಸೇರಿಸುವುದಿಲ್ಲ. ಎಂಎಲ್‌ಎ ಆದರೆ ಆಕರಪಟ್ಟಿಗೆ ಸೇರಿಸುವ ಕ್ರಮ ಇದೆ.

ಸಲ್ಲಿಸುವ ಮೊದಲು `Ctrl+A` ಒತ್ತಿ `F9` ಒತ್ತಿ. ಎಲ್ಲ ಸಂಖ್ಯೆಗಳೂ ಹೊಸದಾಗುತ್ತವೆ. ಅಡಿಟಿಪ್ಪಣಿಗಳು ಇದರಲ್ಲಿ ಸೇರಲ್ಲ, ಅಲ್ಲಿ ಕ್ಲಿಕ್ ಮಾಡಿ ಇನ್ನೊಮ್ಮೆ ಇದನ್ನೇ ಮಾಡಿ. ಆಮೇಲೆ `Error!` ಅಂತ ಹುಡುಕಿ. ಯಾವುದಾದರೂ ಚಿತ್ರ ಅಳಿಸಿ ಅದರ ಕರೆ ಪಠ್ಯದಲ್ಲಿ ಉಳಿದಿದ್ದರೆ ಅಲ್ಲಿ `Error! Reference source not found.` ಅಂತ ಬಂದಿರುತ್ತದೆ. ಬೈಂಡ್ ಆದ ಪ್ರಬಂಧಗಳಲ್ಲೂ ಈ ಸಾಲು ಅಚ್ಚಾಗಿರುತ್ತದೆ. ಅದನ್ನು ಸರಿಮಾಡಿ, ಪಿಡಿಎಫ್ ಮಾಡಿ, ಪಿಡಿಎಫ್‌ನಲ್ಲಿ ಪ್ರತಿ ಚಿತ್ರದ ಅಳತೆಯ ಮೊದಲ ಅಂಕಿಯನ್ನು ಚಿತ್ರದ ಆಕಾರದ ಜೊತೆ ಒಮ್ಮೆ ಹೋಲಿಸಿ ನೋಡಿ.